ಐತಪ್ಪ ಹೊರಗೆ ಬಂದನೇ? ಕೊನೆಯನ್ನು ತೆರೆದಿಟ್ಟೂ ಕಥೆ ಮುಗಿಸುವ ಬಗೆ

"ಸರ್, ನನ್ನ ಕಥೆಯಲ್ಲಿ ನೀರಿಗಾಗಿ ಗುಡ್ಡೆಯೊಳಗೆ ಸುರಂಗ ತೋಡುವ ಮುದುಕ ಐತಪ್ಪ, ನೀರು ಬತ್ತಿದ ತನ್ನದೇ ಹಳೇ ಸುರಂಗದೊಳಗೆ ಒಬ್ಬನೇ ಹೋಗ್ತಾನೆ. ಮಗ ಸುಂದರ ಹೊರಗೆ ನಿಂತು ನೋಡ್ತಾ ಇರ್ತಾನೆ. ಒಳಗಿನ ದೀಪ ಆರುತ್ತದೆ, ಸುಂದರ ಅಲ್ಲೇ ಕಾದು ಕೂರ್ತಾನೆ. ಅಲ್ಲಿಗೆ ಮುಗಿಸಿದ್ದೇನೆ. ಬದುಕಿದನೋ ಸತ್ತನೋ ಬೇಕೆಂದೇ ಹೇಳಿಲ್ಲ. ಓದಿದವರಲ್ಲಿ ಕೆಲವರು 'ಕೊನೇ ಪೇಜು ಕಳಿಸಲು ಮರೆತಿರಾ?' ಅಂತ ಕೇಳಿದರು. ಉಳಿದವರು 'ಪಾಪ, ಮುದುಕ ಸತ್ತದ್ದು ಬೇಸರ ಆಯ್ತು' ಅಂದರು. ಖಚಿತವೂ ಆಗಬಾರದು, ಕಥೆ ಮುಗಿಯಿತು ಅಂತಲೂ ಅನ್ನಿಸಬೇಕು. ಹೇಗೆ? ಕಥೆ ಜೊತೆಗೆ ಇಟ್ಟಿದ್ದೇನೆ."
ಪೆರ್ಲದಿಂದ ಓದುಗರೊಬ್ಬರು

ನಿಮ್ಮ ಓದುಗರು ಎರಡು ಗುಂಪಾಗಿ ಹೇಳಿದ್ದು ಎರಡು ಬೇರೆ ಬೇರೆ ದೋಷಗಳನ್ನು. ಪೇಜು ಕಳೆದುಹೋಗಿದೆ ಅಂದವರು ಒಂದನ್ನು ಹಿಡಿದಿದ್ದಾರೆ, ಸತ್ತ ಅಂದವರು ಇನ್ನೊಂದನ್ನು. ಎರಡನ್ನೂ ಒಂದೇ ಮದ್ದಿನಲ್ಲಿ ವಾಸಿಮಾಡಲು ಹೋದರೆ ಕಥೆ ಕೆಡುತ್ತದೆ. ಅದಕ್ಕೆ ಒಂದೊಂದಾಗಿ ನೋಡುವ.

ಮೊದಲು ಪೇಜಿನ ವಿಷಯ. ಮುದುಕನ ಗತಿ ಗೊತ್ತಾಗಲಿಲ್ಲ ಎಂಬುದು ಆ ಓದುಗರ ತಕರಾರು ಅಂತ ನೀವು ತಿಳಿದುಕೊಂಡಿದ್ದೀರಿ. ನಿಮ್ಮ ಕಥೆಯನ್ನು ಓದಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಕಥೆ ನಡೆಯುವಾಗ ಓದುವವನ ತಲೆಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ ಓಡುತ್ತಿರುತ್ತವೆ. ಒಂದು, ಏನಾಗುತ್ತದೆ? ಇನ್ನೊಂದು, ಈ ಮನುಷ್ಯ ಏನು ಮಾಡುತ್ತಾನೆ, ಎಂಥವನು ಇವನು? ಮೊದಲನೆಯದು ಘಟನೆಯ ಪ್ರಶ್ನೆ, ಎರಡನೆಯದು ಮನುಷ್ಯನ ಪ್ರಶ್ನೆ. ಎರಡರಲ್ಲಿ ಒಂದನ್ನು ಗಟ್ಟಿಯಾಗಿ ಮುಚ್ಚಿದರೆ ಇನ್ನೊಂದನ್ನು ತೆರೆದಿಡಬಹುದು, ಓದುಗ ಸಹಿಸುತ್ತಾನೆ, ಎಷ್ಟೋ ಸಲ ಖುಷಿಪಡುತ್ತಾನೆ. ಎರಡನ್ನೂ ತೆರೆದಿಟ್ಟರೆ ಪೇಜು ಹುಡುಕುತ್ತಾನೆ.

ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನಲ್ಲಿ ಇದನ್ನು ವಿವರಿಸುವುದು ಕಷ್ಟವಲ್ಲ. ವಾಲಿಮೋಕ್ಷದ ತಾಳಮದ್ದಳೆಗೆ ಹೋಗಿ ಕೂತವರಿಗೆಲ್ಲ ವಾಲಿ ಸಾಯುತ್ತಾನೆ ಎಂದು ಮೊದಲೇ ಗೊತ್ತು. ಘಟನೆ ಮುಚ್ಚಿಕೊಂಡೇ ಬಂದಿದೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೋ ಎಂಬುದು ಮಾತ್ರ ತೆರೆದಿರುತ್ತದೆ. ಒಳ್ಳೆಯ ಅರ್ಥಧಾರಿಗಳಿಬ್ಬರು ಸಿಕ್ಕಿದರೆ ಸಭೆಯವರು ಮನೆ ಮುಟ್ಟುವವರೆಗೂ ಅದನ್ನೇ ಚರ್ಚಿಸುತ್ತಾರೆ. ಯಾರೂ 'ಪ್ರಸಂಗ ಅರ್ಧಕ್ಕೆ ನಿಂತಿತು' ಎನ್ನುವುದಿಲ್ಲ. ನಿಮಗೆ ಬೇಕಾದದ್ದು ಇದರ ತಿರುವುಮುರುವು: ಘಟನೆ ತೆರೆದಿರಬೇಕು, ಮನುಷ್ಯ ಮುಚ್ಚಿರಬೇಕು.

ಕನ್ನಡದಲ್ಲಿ ಇದಕ್ಕೆ ನಾನು ಯಾವಾಗಲೂ ತೋರಿಸುವ ಮಾದರಿ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಓದದವರು ಈ ಪ್ಯಾರಾ ಹಾರಿಸಿ ಮುಂದೆ ಹೋಗಿ. ಹೆಂಡತಿ ಅನಿತಾ ಮನೆಯಲ್ಲಿಲ್ಲ, ಅವಳಿಗೆ ಏನಾದರೂ ಆಗಿದೆಯೇ, ಮನೆಯವರು ಮಾಡಿಸಿದರೇ ಎಂಬುದನ್ನು ಕಥೆ ಹೇಳುವುದೇ ಇಲ್ಲ. ಕೊನೆಯಲ್ಲಿ ಒಂದು ಗ್ಲಾಸು ಒಡೆಯುತ್ತದೆ, ಕೈಗೆ ರಕ್ತ ತಾಗುತ್ತದೆ, ಕಾಫಿಹೌಸಿನ ವೇಟರ್ ಕೈ ತೊಳೆದುಕೊಳ್ಳಲು ಹೇಳುತ್ತಾನೆ. ಅಷ್ಟೇ. ಆದರೂ ಪುಸ್ತಕ ಮುಚ್ಚುವಾಗ ಏನೋ ಉಳಿದುಹೋಯಿತು ಅನ್ನಿಸುವುದಿಲ್ಲ. ಏಕೆಂದರೆ ಅಷ್ಟೊತ್ತಿಗೆ ಕಥೆ ಹೇಳುತ್ತಿರುವವನು ಎಂಥವನು ಎಂಬುದು ಪೂರ್ತಿ ತಿಳಿದಿರುತ್ತದೆ. ಅವನು ಕೂತಲ್ಲೇ ಕೂರುವವನು, ಮನೆಯ ಹಣ ತಿನ್ನುತ್ತ ಮನೆಯವರ ಕ್ರೌರ್ಯವನ್ನು ನೋಡಿಯೂ ನೋಡದವನು. ಅನಿತಾ ಬದುಕಿದ್ದರೂ ಅವನು ಅಂಥವನೇ, ಇಲ್ಲದಿದ್ದರೂ ಅಂಥವನೇ. ಘಟನೆ ಯಾವ ಕಡೆಗೆ ಹೊರಳಿದರೂ ತೀರ್ಪು ಬದಲಾಗದ ಕಾರಣಕ್ಕೆ ಲೇಖಕರು ಘಟನೆಯನ್ನು ಧೈರ್ಯವಾಗಿ ಬಿಟ್ಟುಬಿಡಬಲ್ಲರು.

ಈಗ ನಿಮ್ಮ ಹಸ್ತಪ್ರತಿಗೆ ಬನ್ನಿ. ಐತಪ್ಪ ಯಾಕೆ ಒಳಗೆ ಹೋದ? 'ನೀರಿಗಾಗಿ' ಎಂದು ಒಂದು ಸಾಲು ಇದೆ. ಸುಂದರ ಯಾಕೆ ತಡೆಯಲಿಲ್ಲ? ಅದಕ್ಕೆ ಸಾಲೇ ಇಲ್ಲ. ಅಂದರೆ ಕಥೆಯ ಭಾರವೆಲ್ಲ 'ಹೊರಗೆ ಬರುತ್ತಾನೋ ಇಲ್ಲವೋ' ಎಂಬ ಒಂದೇ ಗೂಟದ ಮೇಲೆ ನಿಂತಿದೆ. ಕೊನೆಯಲ್ಲಿ ನೀವು ಆ ಗೂಟವನ್ನೇ ಕಿತ್ತಿರಿ.

ಆದರೆ ನಿಮ್ಮ ಮೂರನೆಯ ಪುಟದಲ್ಲಿ ಚಿನ್ನದಂಥ ಒಂದು ವಿವರ ಬಿದ್ದಿದೆ, ನೀವೇ ಅದನ್ನು ಗಮನಿಸಿದಂತಿಲ್ಲ. ಬೆಳಗಾದರೆ ಬೋರ್‌ವೆಲ್ ಲಾರಿ ಬರಲಿದೆ. ಸುಂದರ ಅಡ್ವಾನ್ಸ್ ಕೊಟ್ಟಾಗಿದೆ. ಅಪ್ಪನಿಗೆ ಹೇಳದೆ ಕೊಟ್ಟಿದ್ದಾನೆ. ಇದರ ಜೊತೆಗೆ ಎರಡನೆಯ ಪುಟದ ಇನ್ನೊಂದು ಸಾಲನ್ನು ಇಟ್ಟು ನೋಡಿ: ಸಣ್ಣವನಿದ್ದಾಗ ಮಣ್ಣು ಹೊರಲು ಅಪ್ಪ ಕರೆದರೆ ಸುಂದರ ಸುರಂಗದೊಳಗೆ ಕಾಲಿಡುತ್ತಿರಲಿಲ್ಲ, ಅದರ ಬಾಯಿಯಲ್ಲೇ ಅಳುತ್ತ ನಿಲ್ಲುತ್ತಿದ್ದ. ನಿಮ್ಮ ಕಥೆಯ ಮನುಷ್ಯ ಇವನೇ. ಐತಪ್ಪನ ಪ್ರಶ್ನೆ ನೀರು ಸಿಗುತ್ತದೋ ಇಲ್ಲವೋ ಎಂಬುದು. ಸುಂದರನ ಪ್ರಶ್ನೆ, ಜೀವಮಾನವೆಲ್ಲ ಹೊರಗೆ ನಿಂತವನು ಈಗೇನು ಮಾಡುತ್ತಾನೆ ಎಂಬುದು. ದೀಪ ಆರಿದ ಮೇಲೆ ಅಪ್ಪನ ಗತಿ ಸುಂದರನಿಗೂ ಗೊತ್ತಿಲ್ಲ, ಓದುಗನಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಅವನು ಏನಾದರೂ ಮಾಡಬೇಕು. ಆ ಮಾಡುವಿಕೆಯೇ ನಿಮ್ಮ ಕಥೆಯ ಕೊನೆ. ಗೊತ್ತಿಲ್ಲದಿರುವುದು ಆಗ ಲೇಖಕನ ತಂತ್ರವಾಗಿ ಕಾಣದೆ ಪಾತ್ರದ ಸಂಕಟವೇ ಆಗುತ್ತದೆ. ಓದುಗನಿಗೆ ತನ್ನಿಂದ ಏನೋ ಬಚ್ಚಿಟ್ಟರು ಅನ್ನಿಸುವುದಿಲ್ಲ, ಅವನು ಸುಂದರನ ಪಕ್ಕದಲ್ಲಿ ನಿಂತಿರುತ್ತಾನೆ.

ಏನು ಮಾಡಿಸಬೇಕು ಎಂಬುದು ನಿಮ್ಮ ಆಯ್ಕೆ, ಆಯ್ಕೆಗೆ ತಕ್ಕಂತೆ ಕಥೆ ಬೇರೆಯಾಗುತ್ತದೆ. ಸುಂದರ ಫೋನು ತೆಗೆದು ಬೋರ್‌ವೆಲ್‌ನವನಿಗೆ 'ನಾಳೆ ಬರುವುದು ಬೇಡ' ಎಂದರೆ ಅದು ಒಪ್ಪಿಕೊಳ್ಳುವಿಕೆಯ ಕಥೆ. ಅಪ್ಪನೇ ಸರಿ ಎಂದು ಮಗ ಒಪ್ಪಿದ, ಆದರೆ ಅಪ್ಪ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿದ್ದಾನೋ ಇಲ್ಲವೋ ತಿಳಿಯದು. ಕೆಟ್ಟದಲ್ಲ, ಸ್ವಲ್ಪ ನಾಟಕೀಯ. ಅವನು ಬಾಯಿಯಲ್ಲೇ ನಿಂತು 'ಅಪ್ಪಾ' ಎಂದು ಕರೆಯುತ್ತಲೇ ಉಳಿದರೆ, ಬದಲಾಗದವನ ಕಥೆ. ಇದು ಕಹಿ, ಬರೆಯಲು ಕಷ್ಟ. ಅವನು ತಲೆ ತಗ್ಗಿಸಿ ಒಳಗೆ ಹೊಕ್ಕರೆ, ಹೆದರಿಕೆ ದಾಟಿದವನ ಕಥೆ. ನನ್ನ ಓಟು ಮೂರನೆಯದಕ್ಕೆ, ಏಕೆಂದರೆ ನೀವು ಮೊದಲೇ ಅದಕ್ಕೆ ಬೀಜ ಬಿತ್ತಿದ್ದೀರಿ. ಸುರಂಗ ಒಬ್ಬನಷ್ಟೇ ಹೋಗುವ ಅಗಲದ್ದು. ಮುಂದಿರುವವನನ್ನು ದಾಟಿ ಹೋಗಲು ಆಗುವುದಿಲ್ಲ, ಹಿಂದಿರುವವನು ಸರಿಯದೆ ಮುಂದಿರುವವನು ಹೊರಗೆ ಬರಲೂ ಆಗುವುದಿಲ್ಲ. ಹಾಗಾಗಿ ಸುಂದರ ಒಳಗೆ ಹೋಗುವುದಕ್ಕೆ ಒಂದು ಬೆಲೆಯೂ ಇದೆ: ಅಪ್ಪ ಬದುಕಿ ಹೊರಬರುತ್ತಿದ್ದರೆ ಮಗ ದಾರಿಗೆ ಅಡ್ಡವಾಗುತ್ತಾನೆ. ಸುಂದರ ಇದನ್ನು ಯೋಚಿಸಿಯೂ ಹೋದರೆ ಅವನ ಹೆಜ್ಜೆಗೆ ತೂಕ ಬರುತ್ತದೆ.

ಇಲ್ಲಿ ಒಂದು ಪರೀಕ್ಷೆ ಮಾಡಿ. ಕೊನೆ ಬರೆದ ಮೇಲೆ, ಬೇರೊಂದು ಹಾಳೆಯಲ್ಲಿ ಮುಂದಿನ ಪ್ಯಾರಾವನ್ನು ಎರಡು ಸಲ ಬರೆಯಿರಿ. ಒಂದರಲ್ಲಿ ಐತಪ್ಪ ಬದುಕಿದ್ದಾನೆ, ಇನ್ನೊಂದರಲ್ಲಿ ಇಲ್ಲ. ಎರಡನ್ನೂ ಓದಿ, ಸುಂದರನ ಆ ಹೆಜ್ಜೆಯ ಬಗ್ಗೆ ನಿಮ್ಮ ಭಾವನೆ ಬದಲಾಗುತ್ತದೋ ನೋಡಿ. ಒಂದರಲ್ಲಿ ಅದು ದೊಡ್ಡ ಹೆಜ್ಜೆಯಾಗಿ ಇನ್ನೊಂದರಲ್ಲಿ ಅರ್ಥಹೀನವಾಗಿ ಕಂಡರೆ ಕೊನೆ ಇನ್ನೂ ಸಿದ್ಧವಾಗಿಲ್ಲ. ಎರಡರಲ್ಲೂ ಅದು ನಿಂತರೆ ಎರಡು ಪ್ಯಾರಾಗಳನ್ನೂ ಹರಿದು ಹಾಕಿ, ಕಥೆಯಲ್ಲಿ ಅವು ಬೇಡ.

ಇನ್ನು ಎರಡನೆಯ ಗುಂಪು, 'ಸತ್ತ' ಎಂದವರು. ಇವರಿಗೆ ನಿಮ್ಮ ಕೊನೆ ಸಂದಿಗ್ಧವಾಗಿ ಕಂಡೇ ಇಲ್ಲ. ಅವರ ತಪ್ಪಲ್ಲ. ನಾನು ನಿಮ್ಮ ಕಥೆಯನ್ನು ಕೆಂಪು ಮತ್ತು ನೀಲಿ ಪೆನ್ಸಿಲು ಹಿಡಿದು ಓದಿದೆ. ಸಾವಿನ ಕಡೆ ಎಳೆಯುವ ವಿವರಕ್ಕೆ ಕೆಂಪು, ಬದುಕಿನ ಕಡೆ ಎಳೆಯುವುದಕ್ಕೆ ನೀಲಿ. ಮುದುಕನ ಕೆಮ್ಮು, ಕೆಂಪು. ಹೋಗುವ ಮುಂಚೆ ಮೊಮ್ಮಗಳ ತಲೆ ನೇವರಿಸಿದ್ದು, ಕೆಂಪು. ನಾಯಿ ಊಳಿಟ್ಟದ್ದು, ಕಡು ಕೆಂಪು. 'ಇದೇ ಕೊನೇದು' ಎಂದು ಐತಪ್ಪ ಅಂದದ್ದು, ಇನ್ನೇನು ಹೇಳಲಿ. ಇಡೀ ಕಥೆಯಲ್ಲಿ ನೀಲಿ ಗೆರೆ ಒಂದೂ ಬೀಳಲಿಲ್ಲ. ಬಾಯಿಬಿಟ್ಟು ಸತ್ತ ಎನ್ನಲಿಲ್ಲ ಅಷ್ಟೇ, ಉಳಿದದ್ದೆಲ್ಲ ಹೇಳಿದಿರಿ.

ಹೊಸಬರು ಇದನ್ನು ಸರಿಮಾಡಲು ನೀಲಿ ವಿವರಗಳನ್ನು ಸೇರಿಸಲು ಹೋಗುತ್ತಾರೆ. ನಾಲ್ಕು ಕೆಂಪಿಗೆ ನಾಲ್ಕು ನೀಲಿ ಎಂದು ಲೆಕ್ಕ ಸರಿಹೊಂದಿಸುತ್ತಾರೆ. ಅದರಿಂದ ಓದುಗ ಗೊಂದಲಕ್ಕೆ ಬೀಳುತ್ತಾನೆ, ಸಂದೇಹಕ್ಕಲ್ಲ. ಕೆಲಸ ಮಾಡುವುದು ಎರಡು ಬಣ್ಣಕ್ಕೂ ಸಲ್ಲುವ ವಿವರ, ಒಂದೇ ಸಂಗತಿ, ಎರಡು ಕಾರಣ. ನಿಮ್ಮ ಅದೃಷ್ಟಕ್ಕೆ ಸುರಂಗದಲ್ಲಿ ಅಂಥವು ಬೇಕಾದಷ್ಟಿವೆ.

ದೀಪವನ್ನೇ ತೆಗೆದುಕೊಳ್ಳಿ. ತೋಡುವವರು ಒಳಗೆ ಮೇಣದ ಬತ್ತಿಯನ್ನೋ ಚಿಮಿಣಿಯನ್ನೋ ಒಯ್ಯುವುದು ಬೆಳಕಿಗೆ ಮಾತ್ರವಲ್ಲ, ಗಾಳಿ ನೋಡಲಿಕ್ಕೂ ಹೌದು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟಿರುತ್ತದೆ. ಅದು ಸುಮಾರು 16ಕ್ಕೆ ಇಳಿಯುವಾಗ ಬತ್ತಿಯ ಉರಿ ಆರಿಹೋಗುತ್ತದೆ. ಮನುಷ್ಯ ಆಗ ಏದುಸಿರು ಬಿಡುತ್ತಾನೆ, ತಲೆ ಭಾರವಾಗುತ್ತದೆ, ಆದರೆ ಕೂಡಲೇ ಬೀಳುವುದಿಲ್ಲ. ಅಂದರೆ ದೀಪ ಆರುವುದು ಎಚ್ಚರಿಕೆ, ಸಾವಿನ ಸುದ್ದಿಯಲ್ಲ. ಅನುಭವಸ್ಥನಾದರೆ ಆರಿದ ಕ್ಷಣಕ್ಕೆ ಹಿಂದೆ ಹೊರಳುತ್ತಾನೆ. ಇದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ಚಂದ: ಮೇಲಿನಿಂದ ಒಂದು ಹನಿ ಬಿದ್ದರೂ ದೀಪ ಆರುತ್ತದೆ. ಬತ್ತಿದ ಸುರಂಗದಲ್ಲಿ ಹನಿ ಬಿತ್ತೆಂದರೆ ಐತಪ್ಪ ಹುಡುಕುತ್ತಿದ್ದದ್ದು ಸಿಕ್ಕಿತು. ಅದೇ ಕತ್ತಲೆ ಒಂದು ಕಡೆಯಿಂದ ಸೋಲು, ಇನ್ನೊಂದು ಕಡೆಯಿಂದ ಗೆಲುವು. ನಿಮ್ಮ ಕಥೆಯ ಕೊನೆಗೆ ಇದಕ್ಕಿಂತ ಒಳ್ಳೆಯ ಸಂಗತಿಯನ್ನು ನಾನು ಹುಡುಕಿ ಕೊಡಲಾರೆ, ನೀವೇ ಇಟ್ಟುಕೊಂಡಿದ್ದೀರಿ. ಇಲ್ಲದ್ದೆಂದರೆ ಹನಿಯ ಸಾಧ್ಯತೆ ಓದುಗನಿಗೆ ಗೊತ್ತಿರುವುದು.

ಅದನ್ನು ಮುಂಚೆಯೇ ಹೇಳಿರಬೇಕು. ಹೇಗೆ ಹೇಳುತ್ತೀರಿ ಎಂಬುದರಲ್ಲಿ ಕಸುಬು ಇದೆ. ಐತಪ್ಪ ಮೊಮ್ಮಗಳನ್ನು ಕೂರಿಸಿ 'ನೋಡು ಮಗಾ, ದೀಪ ಎರಡು ಕಾರಣಕ್ಕೆ ಆರುತ್ತದೆ' ಎಂದು ಪಾಠ ಮಾಡಿದರೆ ಓದುಗನಿಗೆ ಕೊನೆ ಆಗಲೇ ಹೊಳೆದುಹೋಗುತ್ತದೆ. ಎರಡು ಕಾರಣಗಳನ್ನು ಎರಡು ಕಡೆ, ಬೇರೆ ಬೇರೆ ಭಾವದಲ್ಲಿ ಇಡಿ. ಗಾಳಿಯ ವಿಷಯ ಸುಂದರನ ಬಾಲ್ಯದ ಹೆದರಿಕೆಯಲ್ಲಿ ಬರಲಿ: ಉರಿ ಸಣ್ಣದಾದದ್ದೇ ಅಪ್ಪ ಕೆಲಸ ಬಿಟ್ಟು ಏದುಸಿರು ಬಿಡುತ್ತ ಹೊರಗೆ ಬಂದದ್ದನ್ನು ಅವನು ಸುರಂಗದ ಬಾಯಿಯಲ್ಲಿ ನಿಂತು ನೋಡಿದ್ದು. ಹನಿಯ ವಿಷಯ ತಮಾಷೆಯಾಗಿ ಬರಲಿ. ಹಿಂದೊಮ್ಮೆ ಬಾಯಾರಿನ ಕಡೆ ಯಾರದೋ ಜಾಗದಲ್ಲಿ ತೋಡುವಾಗ ನೀರು ಸಿಕ್ಕಿದ ಕೂಡಲೇ ದೀಪ ಆರಿತು, ಒಳಗೆ ಸಂತೋಷದಲ್ಲಿ ಕೂಗುತ್ತಿದ್ದ ಐತಪ್ಪನ ಸ್ವರ ಕೇಳಿ ಹೊರಗಿದ್ದ ಜಾಗದ ಯಜಮಾನರು ಮಣ್ಣು ಕುಸಿಯಿತೆಂದು ತಿಳಿದು ಅಡಿಕೆ ತೋಟದುದ್ದಕ್ಕೂ ಓಡಿದರು, ಅವರ ಮುಂಡು ಬೇಲಿಯಲ್ಲೇ ಉಳಿಯಿತು. ಓದುಗ ನಗುತ್ತಾನೆ, ಮುಂದೆ ಹೋಗುತ್ತಾನೆ. ನಕ್ಕು ಮರೆತದ್ದು ಕೊನೆಯಲ್ಲಿ ಕತ್ತಲೆಯ ಎದುರು ತಾನಾಗಿ ನೆನಪಾಗುತ್ತದೆ. ಎರಡು ಪ್ರಸಂಗಗಳ ನಡುವೆ ಒಂದೆರಡು ಪುಟವಾದರೂ ಅಂತರ ಇರಲಿ, ಕೊನೆಗೆ ಹತ್ತಿರದಲ್ಲಿ ಯಾವುದೂ ಬೇಡ.

ದೀಪದಂತೆಯೇ ಪಿಕ್ಕಾಸಿನ ಸದ್ದು. ನಿಮ್ಮಲ್ಲಿ ಅದು 'ನಿಧಾನವಾಗಿ ಕ್ಷೀಣಿಸಿತು' ಎಂದಿದೆ, ಇದು ಕೆಂಪು. 'ನಿಂತಿತು' ಎಂದು ಬರೆಯಿರಿ ಸಾಕು. ದಣಿದು ಬಿದ್ದವನ ಪಿಕ್ಕಾಸೂ ನಿಲ್ಲುತ್ತದೆ, ಒಸರು ಕಂಡು ಕಿವಿಗೊಟ್ಟು ನಿಂತವನದ್ದೂ ನಿಲ್ಲುತ್ತದೆ. ವಿಶೇಷಣ ಹೋದರೆ ಬಣ್ಣ ಹೋಗುತ್ತದೆ. ಇಂಥ ಕೊನೆಗಳನ್ನು ತಿದ್ದುವಾಗ ನಾನು ಮಾಡುವ ಅರ್ಧ ಕೆಲಸ ಇದೇ, ಕ್ರಿಯಾವಿಶೇಷಣಗಳನ್ನು ಹೊಡೆದುಹಾಕುವುದು.

ಕೆಸರು ನೀರು ಇನ್ನೊಂದು. ದೀಪ ಆರಿದ ಮೇಲೆ, ಒಣಗಿದ್ದ ಚರಂಡಿಯಲ್ಲಿ ಒಂದು ಎಳೆ ಕೆಸರು ನೀರು ಹೊರಗೆ ಹರಿದು ಬರಲಿ. ಒಸರು ಒಡೆದರೂ ಮೊದಲು ಬರುವುದು ಕೆಸರು ನೀರೇ. ಒಳಗೆ ಮಣ್ಣು ಕುಸಿದು, ತಗ್ಗಿನಲ್ಲಿ ನಿಂತಿದ್ದ ಹಳೇ ನೀರು ತಳ್ಳಿಸಿಕೊಂಡರೂ ಬರುವುದು ಅದೇ. ಮುರಕಲ್ಲಿನ ಪದರದಲ್ಲಿ ಸುರಂಗ ಭದ್ರ, ಮೆತ್ತನೆಯ ಮಣ್ಣು ಸಿಕ್ಕಿದಲ್ಲಿ ಅಪಾಯ ಎಂಬುದನ್ನು ಮೊದಲೇ ಎಲ್ಲಾದರೂ ಒಂದು ಮಾತಿನಲ್ಲಿ ಹೇಳಿದ್ದರೆ ಸಾಕು. ನಾಯಿ ಮಾತ್ರ ದಯವಿಟ್ಟು ಬೇಡ. ಕನ್ನಡ ಕಥೆಗಳಲ್ಲಿ ನಾಯಿ ಊಳಿಟ್ಟು ಯಾರೂ ಬದುಕಿದ್ದು ನಾನು ನೋಡಿಲ್ಲ.

ತಲೆ ನೇವರಿಸಿದ್ದನ್ನು ಉಳಿಸಿಕೊಳ್ಳಬೇಕೆಂದು ನಿಮಗೆ ಆಸೆ ಇರಬಹುದು. ಹಾಗಾದರೆ ಅದನ್ನು ಅಭ್ಯಾಸವನ್ನಾಗಿ ಮಾಡಿ. ಮೊದಲ ಪುಟದಲ್ಲೂ ಪೇಟೆಗೆ ಹೊರಡುವಾಗ ಹಾಗೇ ನೇವರಿಸಲಿ. ದಿನಾ ಮಾಡುವುದು ಶಕುನವಾಗುವುದಿಲ್ಲ. ಕೆಮ್ಮಿಗೂ ಇದೇ ಉಪಾಯ: ಹತ್ತು ವರ್ಷದಿಂದ ಇರುವ ಕೆಮ್ಮು ಎಂದರೆ ಅದರ ವಿಷ ಇಳಿಯುತ್ತದೆ. 'ಇದೇ ಕೊನೇದು' ಎಂಬ ಮಾತನ್ನು ಪ್ರತಿ ಬೇಸಗೆಯಲ್ಲೂ ಅವನು ಆಡುತ್ತಾನೆ ಎಂದು ಸೊಸೆ ಗೊಣಗಲಿ.

ನಿಮ್ಮ ಆರನೆಯ ಪುಟದಲ್ಲಿ ಒಂದು ಪ್ಯಾರಾ ಐತಪ್ಪನ ಒಳಗೆ ಹೋಗುತ್ತದೆ. ಸುರಂಗದೊಳಗೆ ಅವನಿಗೆ ತೀರಿಹೋದ ಹೆಂಡತಿಯ ನೆನಪಾಗುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಭಾಷೆ ಸೊಗಸಾಗಿದೆ, ತೆಗೆಯಬೇಕೆಂದು ಹೇಳುವುದು ನನಗೂ ಕಷ್ಟ. ಆದರೂ ತೆಗೆಯಿರಿ. ಒಬ್ಬನ ಮನಸ್ಸಿನೊಳಗೆ ನಮ್ಮನ್ನು ಕರೆದುಕೊಂಡು ಹೋಗಿ, ಬೇಕಾದ ಕ್ಷಣಕ್ಕೆ ಬಾಗಿಲು ಹಾಕಿದರೆ ಅದು ಮೋಸ. ಅವನಿಗೆ ಏನಾಯಿತೆಂದು ಅವನಿಗೆ ಗೊತ್ತು, ಅವನ ತಲೆಯಲ್ಲಿದ್ದ ನಮಗೂ ಗೊತ್ತಾಗಬೇಕಿತ್ತು, ನೀವು ತಡೆದಿರಿ. ಓದುಗ ಇದನ್ನು ಬಾಯಿಬಿಟ್ಟು ಹೇಳದಿದ್ದರೂ ಸಿಟ್ಟಾಗುತ್ತಾನೆ. ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಸುಂದರನ ಕಣ್ಣಿನಿಂದಲೇ ನೋಡಿ. ಸುಂದರನಿಗೆ ತಿಳಿದದ್ದನ್ನೆಲ್ಲ ಓದುಗನಿಗೆ ಕೊಡಿ, ಏನನ್ನೂ ಹಿಡಿದಿಟ್ಟುಕೊಳ್ಳಬೇಡಿ, ಅಡ್ವಾನ್ಸಿನ ಮೊತ್ತ ಸಮೇತ. ಆಗ ತಿಳಿಯದೆ ಉಳಿದದ್ದು ನ್ಯಾಯವಾಗಿಯೇ ತಿಳಿಯದೆ ಉಳಿಯುತ್ತದೆ. ಹೆಂಡತಿಯ ನೆನಪು ಬೇಕೆಂದರೆ ಹೊರಡುವ ಮುಂಚೆ ಅವನ ಮಾತಿನಲ್ಲಿ ಬರಲಿ.

ಎರಡು ಓದಿಗೆ ಜಾಗ ಮಾಡಿದ ಮೇಲೆ ಮೂರನೆಯದನ್ನು ಮುಚ್ಚಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಸುರಂಗಕ್ಕೆ ಇನ್ನೊಂದು ಬಾಯಿ ಇದ್ದರೆ ಪತ್ತೇದಾರಿ ಬುದ್ಧಿಯ ಓದುಗ ಐತಪ್ಪನನ್ನು ಆ ಕಡೆಯಿಂದ ಹೊರಗೆ ತರುತ್ತಾನೆ. ಸುರಂಗ ನಡುವೆ ತಿರುಗುವುದಾದರೆ ದೀಪ ಆರಲೇ ಇಲ್ಲ, ಮರೆಯಾಯಿತು ಅಷ್ಟೇ ಎನ್ನುತ್ತಾನೆ. ಎರಡೂ ಅಗ್ಗದ ದಾರಿಗಳು, ನಿಮ್ಮ ಕಥೆಗೆ ಬೇಡ. 'ಕಣ್ಣಳತೆಯಲ್ಲಿ ನೇರ ಹೋಗಿ ಗುಡ್ಡೆಯೊಳಗೆ ನಿಂತಿತ್ತು' ಎಂದು ಎಲ್ಲಾದರೂ ಒಂದು ಸಾಲು ಬರೆದರೆ ಎರಡು ಕಳ್ಳದಾರಿಗಳೂ ಮುಚ್ಚುತ್ತವೆ. ಕನಸು, ಭ್ರಮೆ, ದೈವದ ಕಾರಣಿಕ ಇವೂ ಅಷ್ಟೇ. ನಿಮ್ಮ ಮನೆಯ ಹಿಂದೆ ಗುಳಿಗನ ಕಟ್ಟೆ ಇರಬಹುದು, ಕಥೆಯಲ್ಲಿ ಅದನ್ನು ತಂದರೆ ಮಾತ್ರ ಓದುಗ ಅದಕ್ಕೇ ಜೋತುಬೀಳುತ್ತಾನೆ.

ಸಮಯದ ಲೆಕ್ಕವೂ ಇದೆ. ನಿಮ್ಮ ಕಥೆಯಲ್ಲಿ ದೀಪ ಆರಿದ ಮೇಲೆ ಸುಂದರ ಮುಸ್ಸಂಜೆಯಿಂದ ನಡುರಾತ್ರಿಯವರೆಗೆ ಅಲ್ಲೇ ಕೂರುತ್ತಾನೆ. ಅಷ್ಟು ಹೊತ್ತು ಹೊರಗೆ ಬಾರದವನು ಸತ್ತಿರಲೇಬೇಕು, ಮತ್ತು ಅಷ್ಟು ಹೊತ್ತು ನೆರೆಕರೆಯವರನ್ನು ಕರೆಯದ ಮಗ ಮೂರ್ಖನಿರಬೇಕು. ಕಾಸರಗೋಡಿನ ಕಥೆ ಅಂದರೆ ಫೋನಿಗೆ ರೇಂಜ್ ಸಿಗಲಿಲ್ಲ ಎಂದು ತಪ್ಪಿಸಿಕೊಳ್ಳಬಹುದು, ಗಡಿಯ ಗುಡ್ಡೆಗಳಲ್ಲಿ ಅದು ಸುಳ್ಳೂ ಅಲ್ಲ, ಆದರೆ ಎಲ್ಲರೂ ಆ ಸಬೂಬನ್ನೇ ಬಳಸಿ ಸವೆಸಿದ್ದಾರೆ. ಕೆಲವೇ ನಿಮಿಷಗಳಲ್ಲಿ ಮುಗಿಸಿ. ಸಂದೇಹ ನ್ಯಾಯವಾಗಿ ಉಳಿಯುವ ಹೊತ್ತು ಯಾವುದೇ ಘಟನೆಯಲ್ಲೂ ಕಡಿಮೆಯೇ. ಕಡಲಿಗೆ ಹೋದ ದೋಣಿಯಾದರೆ ಕೆಲವು ದಿನ, ಗಲ್ಫಿನಿಂದ ಬಾರದ ಫೋನ್ ಆದರೆ ಒಂದೆರಡು ವಾರ, ಸುರಂಗದಲ್ಲಿ ಆರಿದ ದೀಪವಾದರೆ ಒಂದು ಬೀಡಿ ಸೇದುವಷ್ಟು. ಆ ಹೊತ್ತಿನೊಳಗೆ ಕಥೆ ನಿಲ್ಲಬೇಕು.

ಕಡೆಯ ಸಾಲಿಗೆ ಬರುತ್ತೇನೆ. 'ಐತಪ್ಪ ಹೊರಗೆ ಬಂದನೇ? ಆ ಕತ್ತಲೆಗೆ ಮಾತ್ರ ಗೊತ್ತು...' ಎಂದು ಮುಗಿಸಿದ್ದೀರಿ. ಪ್ರಶ್ನಾರ್ಥಕ ಚಿಹ್ನೆ ಮತ್ತು ಮೂರು ಚುಕ್ಕಿ, ಎರಡೂ ಲೇಖಕ ಓದುಗನ ಭುಜ ತಟ್ಟಿ 'ಗಮನಿಸಿದಿರಾ, ನಾನು ಹೇಳಲಿಲ್ಲ' ಎನ್ನುವ ಗುರುತುಗಳು. 1882ರಲ್ಲಿ ಫ್ರಾಂಕ್ ಸ್ಟಾಕ್ಟನ್ ಎಂಬ ಅಮೆರಿಕದ ಲೇಖಕ ಒಂದು ಬಾಗಿಲ ಹಿಂದೆ ಹೆಣ್ಣು, ಇನ್ನೊಂದರ ಹಿಂದೆ ಹುಲಿ ಇಟ್ಟು, ಯಾವುದು ಹೊರಗೆ ಬಂತು ಎಂದು ಓದುಗರನ್ನೇ ಕೇಳಿ ಕಥೆ ಮುಗಿಸಿದ. ಅದು ಪ್ರಸಿದ್ಧವಾಯಿತು. ಅಲ್ಲಿ ಇಡೀ ಕಥೆಯೇ ಒಗಟಾಗಿ ಕಟ್ಟಿದ್ದು, ರಾಜಕುಮಾರಿಯ ಮತ್ಸರ ದೊಡ್ಡದೋ ಪ್ರೀತಿ ದೊಡ್ಡದೋ ಎಂಬ ಒಂದೇ ತಕ್ಕಡಿಯ ಮೇಲೆ ನಿಂತದ್ದು. ನಿಮ್ಮದು ಒಗಟಲ್ಲ. ಓದುಗನಿಗೆ ಪ್ರಶ್ನೆ ಹುಟ್ಟಿದ್ದರೆ ನೀವು ಕೇಳಬೇಕಾಗಿಲ್ಲ, ಹುಟ್ಟಿಲ್ಲದಿದ್ದರೆ ಕೇಳಿ ಪ್ರಯೋಜನವಿಲ್ಲ.

ಮಾದರಿಗೆ ಒಂದು ಕರಡು ಬರೆದು ತೋರಿಸುತ್ತೇನೆ, ಹೀಗೇ ಬರೆಯಬೇಕೆಂದಲ್ಲ:

ಪಿಕ್ಕಾಸಿನ ಸದ್ದು ನಿಂತಿತು. ಸುಂದರ ಬಗ್ಗಿ ನೋಡಿದ. ಒಳಗೆ ಬೆಳಕು ಇತ್ತು, ಆಮೇಲೆ ಇರಲಿಲ್ಲ.
"ಅಪ್ಪಾ."
ಅವನ ಸ್ವರವೇ ತಿರುಗಿ ಬಂತು. ಕಾಲಿಗೆ ಏನೋ ತಣ್ಣಗೆ ತಾಗಿತು. ಚರಂಡಿಯಲ್ಲಿ ಕೆಂಪು ನೀರು, ಬೆರಳಷ್ಟು ದಪ್ಪದ ಎಳೆ, ಒಣಗಿದ ಅಡಿಕೆ ಸೋಗೆಯೊಂದನ್ನು ಸುತ್ತಿಕೊಂಡು ಅಂಗಳದ ಕಡೆಗೆ ಹೋಗುತ್ತಿತ್ತು. ಅವನು ಫೋನಿನ ಟಾರ್ಚ್ ಹಾಕಿದ. ನಾಲ್ಕು ಹೆಜ್ಜೆಯಾಚೆ ಬೆಳಕು ಕತ್ತಲೆಯಲ್ಲೇ ಮುಗಿಯಿತು. ಇಬ್ಬರು ಒಳಗಿದ್ದರೆ ಹಿಂದಿನವನು ಸರಿಯದೆ ಮುಂದಿನವನು ಹೊರಡಲಾಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಸುಂದರ ಚಪ್ಪಲಿ ಬಿಟ್ಟ. ಅಂಗಿ ತೆಗೆದು ಕಲ್ಲಿನ ಮೇಲಿಟ್ಟ. ತಲೆ ತಗ್ಗಿಸಿದ.
"ನಾನು ಬರ್ತಾ ಇದ್ದೇನೆ," ಎಂದ. "ಅಲ್ಲೇ ಇರಿ."

ಇದರಲ್ಲಿ ಏನು ನಡೆಯಿತು ನೋಡಿ. ಗತಿಯ ಬಗ್ಗೆ ಒಂದೂ ಮಾತಿಲ್ಲ. ಬೆಳಕು, ಸದ್ದು, ನೀರು, ಮೂರೂ ಎರಡು ಕಡೆಗೂ ಸಲ್ಲುತ್ತವೆ. ಸುಂದರನ ಪ್ರಶ್ನೆ ಮಾತ್ರ ಚಪ್ಪಲಿ ಬಿಟ್ಟಲ್ಲಿಗೆ ಮುಚ್ಚಿತು. 'ಅಲ್ಲೇ ಇರಿ' ಎಂಬುದನ್ನು ಅವನು ಬದುಕಿದವನಿಗೆ ಹೇಳುತ್ತಿದ್ದಾನೋ, ತನಗೆ ಧೈರ್ಯ ತಂದುಕೊಳ್ಳುತ್ತಿದ್ದಾನೋ, ಓದುಗ ನೋಡಿಕೊಳ್ಳಲಿ. ಸುಂದರ ಅಪ್ಪನನ್ನು ನಿಮ್ಮ ಕರಡಿನಲ್ಲಿ ಏಕವಚನದಲ್ಲಿ ಕರೆಯುತ್ತಾನೆ. ನಾನು ಬಹುವಚನಕ್ಕೆ ತಿರುಗಿಸಿದ್ದು ಬೇಕೆಂದೇ, ಇಡೀ ಕಥೆಯಲ್ಲಿ 'ನೀನು' ಅಂದವನು ಕೊನೆಯ ಮಾತಿನಲ್ಲಿ 'ಇರಿ' ಎಂದರೆ ಅದೊಂದು ಬದಲಾವಣೆ ತಾನಾಗಿ ಕೇಳಿಸುತ್ತದೆ. ನಿಮ್ಮ ಮನೆಮಾತಿನಲ್ಲಿ ಇದು ಹೊಂದದಿದ್ದರೆ ಬಿಟ್ಟುಬಿಡಿ.

ತಿದ್ದಿದ ಮೇಲೆ ನಾಲ್ಕೈದು ಜನರಿಗೆ ಕೊಡಿ. 'ಅರ್ಥ ಆಯ್ತಾ?' ಎಂದು ಕೇಳಬೇಡಿ, ಎಲ್ಲರೂ ಆಯ್ತು ಎನ್ನುತ್ತಾರೆ. ಒಬ್ಬೊಬ್ಬರನ್ನೇ, ಬೇರೆ ಬೇರೆಯಾಗಿ ಕೇಳಿ: ಐತಪ್ಪನಿಗೆ ಏನಾಗಿದೆ ಅನ್ನಿಸುತ್ತದೆ, ಯಾವ ಸಾಲು ಓದಿ ಹಾಗನ್ನಿಸಿತು, ಕಥೆ ಇನ್ನೂ ಮುಂದುವರಿಯಬೇಕಿತ್ತೇ. ಎಲ್ಲರೂ ಒಂದೇ ಗತಿ ಹೇಳಿದರೆ ಬಣ್ಣ ಇನ್ನೂ ಒಂದೇ ಕಡೆ ವಾಲಿದೆ, ಅವರು ತೋರಿಸಿದ ಸಾಲನ್ನು ತಿದ್ದಿ. ಅಭಿಪ್ರಾಯ ಒಡೆದು, ಜೊತೆಗೆ ಎಲ್ಲರೂ 'ಮುಂದುವರಿಯಬೇಕಿತ್ತು' ಎಂದರೆ ಸುಂದರನ ಪ್ರಶ್ನೆ ಮುಚ್ಚಿಲ್ಲ, ಕೊನೆಯ ದೃಶ್ಯವನ್ನು ಬಿಟ್ಟು ಎರಡನೆಯ ಮೂರನೆಯ ಪುಟಕ್ಕೆ ಹೋಗಿ, ತೊಂದರೆ ಅಲ್ಲಿರುತ್ತದೆ. ಇಬ್ಬರು ಎದುರುಬದುರು ಗತಿ ಹೇಳಿ, ಇಬ್ಬರೂ ಅದೇ ಸಾಲಿಗೆ ಬೆರಳಿಟ್ಟರೆ ಮುಟ್ಟಬೇಡಿ, ಪತ್ರಿಕೆಗೆ ಕಳಿಸಿ.

ಓದಲು ಕೊಡುವವರಲ್ಲಿ ಒಬ್ಬರಾದರೂ ಸುರಂಗ ನೋಡದವರಿರಲಿ, ಮೈಸೂರಿನವರೋ ಧಾರವಾಡದವರೋ. ಎಣ್ಮಕಜೆ, ಬಾಯಾರಿನ ಕಡೆಯವರಿಗೆ ಹನಿ ಬಿದ್ದು ದೀಪ ಆರುವುದು ಹೇಳದೆಯೂ ಗೊತ್ತು, ಅವರ ಬಳಿ ನಿಮ್ಮ ಕಥೆ ಸುಲಭವಾಗಿ ಪಾಸಾಗುತ್ತದೆ. ಗಟ್ಟದ ಮೇಲಿನವರಿಗೆ ಸುರಂಗ ಎಂದರೆ ರೈಲು ಹೋಗುವುದು. ನಿಮ್ಮ ತಮಾಷೆಯ ಪ್ರಸಂಗ ಓದಿದ ಮೇಲೂ ಅವರು 'ಉಸಿರುಕಟ್ಟಿ ಸತ್ತ' ಎಂದೇ ಹೇಳಿದರೆ ಮುಂಡಿನ ನಗೆಯಲ್ಲಿ ಹನಿ ಮುಳುಗಿಹೋಗಿದೆ ಎಂದರ್ಥ. ಆ ಪ್ರಸಂಗದಲ್ಲಿ ಐತಪ್ಪ ಹೊರಗೆ ಬರುವಾಗ ಅವನ ಕೈಯಲ್ಲಿ ನೆನೆದ ಬತ್ತಿ ಇರಲಿ, ಅದನ್ನು ಒಣಗಿಸಲು ಅವನು ಬಿಸಿಲಿಗೆ ಇಡಲಿ.